ಬ್ಲೆಂಡರ್‌ನಲ್ಲಿ ಲೋಟದಿಂದ ನೀರು ಸೋರಿದರೆ: ಸೆಲ್ ಅಳತೆಯಿಂದ ಬೇಕ್‌ವರೆಗೆ

“ಅಣ್ಣಾ, ರೆಸಲ್ಯೂಷನ್ 256ಕ್ಕ ಏರಿಸೇನಿ. ರಾತ್ರಿಯೆಲ್ಲಾ ಬೇಕ್ ಆತು. ಆದ್ರೂ ನೀರು ಲೋಟದ ತಳದಾಗಿಂದ ಸೋರಾಕತ್ತೈತಿ.”

ಹುಬ್ಬಳ್ಳಿಯ ಕಿರಿಯ ಗೆಳೆಯನೊಬ್ಬ ಹೀಗೆ ಹೇಳಿ ತನ್ನ ಬ್ಲೆಂಡರ್ ಫೈಲ್ ಕಳಿಸಿದ. ಕೆಲಸ ಸರಳವಾದದ್ದೇ. ಒಂದು ಗಾಜಿನ ಲೋಟ, ಮೇಲಿಂದ ಬೀಳುವ ನೀರಿನ ಧಾರೆ, ಲೋಟ ಮುಕ್ಕಾಲು ತುಂಬಿದಾಗ ಧಾರೆ ನಿಲ್ಲಬೇಕು. ಆದರೆ ನೀರು ಬಿದ್ದ ಕೆಲವೇ ಫ್ರೇಮುಗಳಲ್ಲಿ ಲೋಟದ ಸುತ್ತ ಕೊಚ್ಚೆಯಾಗಿ ಹರಡುತ್ತಿತ್ತು, ಒಳಗೆ ಎರಡು ಬೆರಳಿಗಿಂತ ಹೆಚ್ಚು ನೀರು ನಿಲ್ಲುತ್ತಿರಲಿಲ್ಲ. ಆ ಫೈಲನ್ನು ಹಂತ ಹಂತವಾಗಿ ಬಿಚ್ಚಿ ನೋಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬ್ಲೆಂಡರ್ 2.82ರಿಂದ, ಅಂದರೆ 2020ರಿಂದ, ದ್ರವದ ಸಿಮ್ಯುಲೇಷನ್ ಮಾಡುವುದು ಮಾಂಟಾಫ್ಲೋ. ಮುಂದೆ ಹೇಳುವುದೆಲ್ಲ ಅದಕ್ಕೆ ಸಂಬಂಧಿಸಿದ್ದು. ಅದು ಹಾಕಿದ ಲೆಕ್ಕವನ್ನು ಡಿಸ್ಕಿಗೆ ಬರೆದಿಡುವುದನ್ನೇ ಬೇಕ್ ಎನ್ನುವುದು.

ಮೊದಲು: ಸೋರುತ್ತಿರುವುದು ನೀರೋ, ಮೆಶ್ಶೋ?

ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಇದನ್ನು ಗೊತ್ತುಮಾಡಿಕೊಳ್ಳಬೇಕು. ಮಾಂಟಾಫ್ಲೋದಲ್ಲಿ ನೀರು ಎಂದರೆ ಕಣಗಳ ಗುಂಪು. ನಮಗೆ ಕಾಣುವ ನುಣುಪಾದ ಮೇಲ್ಮೈ ಆ ಕಣಗಳ ಮೇಲೆ ಆಮೇಲೆ ಹೊದಿಸಿದ ಹೊದಿಕೆ. ಕಣಗಳೆಲ್ಲ ಲೋಟದೊಳಗೇ ಇದ್ದು, ಹೊದಿಕೆ ಮಾತ್ರ ಉಬ್ಬಿ ಗಾಜಿನ ಆಚೆ ಇಣುಕಿದರೂ ನೋಡುವವರಿಗೆ ಸೋರಿದಂತೆಯೇ ಕಾಣುತ್ತದೆ.

ಆದ್ದರಿಂದ ಸಿಮ್ಯುಲೇಷನ್ ನಡೆಯುವ ಪೆಟ್ಟಿಗೆಯಾದ ಡೊಮೇನಿನ `Mesh` ಗುರುತು ತೆಗೆದು, ಬರೀ ಕಣಗಳನ್ನು ವ್ಯೂಪೋರ್ಟಿನಲ್ಲಿ ನೋಡಿ. ಕಣಗಳು ಒಳಗೇ ಇದ್ದರೆ ಸಿಮ್ಯುಲೇಷನ್ ಸರಿಯಿದೆ. `Mesh` ಭಾಗದಲ್ಲಿರುವ `Particle Radius` ಸ್ವಲ್ಪ ಇಳಿಸಿದರೆ ಮುಗಿಯಿತು, ದತ್ತಾಂಶವನ್ನು ಮತ್ತೆ ಬೇಕ್ ಮಾಡಬೇಕಿಲ್ಲ. ಕಣಗಳೇ ಹೊರಗೆ ಬಂದಿದ್ದರೆ ಅದು ನಿಜವಾದ ಸೋರಿಕೆ.

ಇದನ್ನು ನೋಡುವಾಗ `Border Collisions`ನಲ್ಲಿ ತಳದ ಗುರುತನ್ನು ಹಾಗೇ ಬಿಟ್ಟಿರಿ. ಅದನ್ನು ತೆಗೆದರೆ ಸೋರಿದ ಕಣಗಳು ಡೊಮೇನಿನಿಂದ ಮಾಯವಾಗುತ್ತವೆ. ಆಗ ಲೋಟ ತುಂಬುತ್ತಿಲ್ಲ ಎಂದಷ್ಟೇ ತಿಳಿಯುತ್ತದೆ, ನೀರು ಎಲ್ಲಿ ತೂರಿತು ಎಂಬುದು ತಿಳಿಯುವುದಿಲ್ಲ. ತಳ ಇದ್ದರೆ ಕೊಚ್ಚೆ ನಿಲ್ಲುತ್ತದೆ. ಅದು ಲೋಟದ ಕೆಳಗೇ ಶುರುವಾಯಿತೋ, ಪಕ್ಕದ ಗೋಡೆಯಿಂದ ಇಳಿದು ಬಂತೋ ಎಂಬುದನ್ನು ಕಣ್ಣಾರೆ ಕಾಣಬಹುದು. ಗೆಳೆಯನ ಫೈಲಿನಲ್ಲಿ ಎರಡೂ ಇತ್ತು. ಪಕ್ಕದ ಗೋಡೆಯಲ್ಲಿ ನೀರು ಬೆವರಿದಂತೆ ಜಿನುಗುತ್ತಿತ್ತು, ಮೊದಲ ಧಾರೆ ತಳಕ್ಕೆ ಬಡಿದಾಗ ಒಂದಿಷ್ಟು ಕಣಗಳು ನೇರವಾಗಿ ಕೆಳಗೆ ತೂರುತ್ತಿದ್ದವು. ಎರಡಕ್ಕೂ ಕಾರಣ ಬೇರೆ ಬೇರೆ.

ರೆಸಲ್ಯೂಷನ್ ಸಂಖ್ಯೆಯ ಅರ್ಥ

`Resolution Divisions` ಎಂಬುದನ್ನು ಗುಣಮಟ್ಟದ ಅಂಕ ಎಂದು ತಿಳಿಯುವುದೇ ಮೂಲ ತಪ್ಪು. ಡೊಮೇನಿನ ಅತಿ ಉದ್ದದ ಬದಿಯನ್ನು ಎಷ್ಟು ಭಾಗ ಮಾಡಬೇಕು ಎಂದಷ್ಟೇ ಆ ಸಂಖ್ಯೆ ಹೇಳುತ್ತದೆ. ಉಳಿದ ಎರಡು ಬದಿಗಳು ಅದೇ ಅಳತೆಯ ಘನಗಳಾಗಿ ಒಡೆಯುತ್ತವೆ. ಆ ಒಂದು ಘನವೇ ಸೆಲ್. ಲೋಟದ ಗೋಡೆ ಇದೆಯೋ ಇಲ್ಲವೋ ಎಂದು ಮಾಂಟಾಫ್ಲೋಗೆ ತಿಳಿಯುವುದು ಈ ಸೆಲ್‌ಗಳ ಮೂಲಕ. ಗೋಡೆ ಒಂದು ಸೆಲ್‌ಗಿಂತ ತೆಳುವಾಗಿದ್ದರೆ ಕೆಲವು ಸೆಲ್‌ಗಳಲ್ಲಿ ಅದು ತಡೆಯಾಗಿ ದಾಖಲಾಗುತ್ತದೆ, ಪಕ್ಕದವುಗಳಲ್ಲಿ ತಪ್ಪಿಹೋಗುತ್ತದೆ. ಜರಡಿ ಹಿಡಿದ ಹಾಗೆ.

ಗೆಳೆಯನ ಡೊಮೇನ್ 60 ಸೆಂ.ಮೀ. ಬದಿಯ ಘನ. ನೀರು ಎಲ್ಲಿ ಚೆಲ್ಲೀತೋ ಎಂದು ಸುತ್ತ ಧಾರಾಳವಾಗಿ ಜಾಗ ಬಿಟ್ಟಿದ್ದ. 600 ಮಿ.ಮೀ.ಯನ್ನು 256ರಿಂದ ಭಾಗಿಸಿದರೆ ಒಂದು ಸೆಲ್ 2.34 ಮಿ.ಮೀ. ಅವನ ಲೋಟದ ಗೋಡೆ 2.5 ಮಿ.ಮೀ. ಅಂದರೆ ಗೋಡೆಯ ದಪ್ಪಕ್ಕೆ ಸಿಕ್ಕಿದ್ದು ಹೆಚ್ಚುಕಡಿಮೆ ಒಂದೇ ಒಂದು ಸೆಲ್, ಅದೂ ದುಂಡಗಿನ ಲೋಟದಲ್ಲಿ ಅಡ್ಡಾದಿಡ್ಡಿಯಾಗಿ. ಬೆವರಿದಂತೆ ಜಿನುಗಿದ್ದು ಇದಕ್ಕೇ. ಇನ್ನೊಂದೆಡೆ 256 × 256 × 256 ಎಂದರೆ ಸುಮಾರು 1.68 ಕೋಟಿ ಸೆಲ್. ಅದರಲ್ಲಿ ಬಹುಪಾಲು ಬರೀ ಗಾಳಿ. ಆ ಗಾಳಿಯನ್ನೂ ಮೆಮೊರಿಯಲ್ಲಿ ಹೊತ್ತುಕೊಂಡು ರಾತ್ರಿಯಿಡೀ ಬೇಕ್ ಆಗಿತ್ತು.

ಲೋಟ 12 ಸೆಂ.ಮೀ. ಎತ್ತರ, 7 ಸೆಂ.ಮೀ. ಅಗಲ. ಇದಕ್ಕೆ 10 × 10 × 20 ಸೆಂ.ಮೀ. ಡೊಮೇನ್ ಸಾಕು. ಡೊಮೇನನ್ನು ಆ ಅಳತೆಗೆ ಇಳಿಸಿ, `Ctrl+A` ಒತ್ತಿ `Scale` ಅಪ್ಲೈ ಮಾಡಿ, ರೆಸಲ್ಯೂಷನ್ 128 ಕೊಟ್ಟೆವು. ಈಗ ಒಂದು ಸೆಲ್ 1.56 ಮಿ.ಮೀ. ಒಟ್ಟು 64 × 64 × 128, ಅಂದರೆ ಸುಮಾರು 5.24 ಲಕ್ಷ ಸೆಲ್. ರೆಸಲ್ಯೂಷನ್ ಸಂಖ್ಯೆ ಅರ್ಧವಾಯಿತು, ಸೆಲ್ ಮೊದಲಿಗಿಂತ ಸಣ್ಣದಾಯಿತು, ಒಟ್ಟು ಸೆಲ್‌ಗಳು 32 ಪಟ್ಟು ಕಡಿಮೆಯಾದವು. ಇದನ್ನು ನೋಡಿದಾಗಲೇ ಅವನಿಗೆ ವಿಷಯ ಹೊಳೆಯಿತು: “ಅಂದ್ರ ನಾ ಇಷ್ಟು ದಿನ ಗಾಳಿ ಬೇಕ್ ಮಾಡಾಕತ್ತಿದ್ನಿ.”

ಸೆಲ್ ಅಳತೆಯನ್ನು ಬ್ಲೆಂಡರ್ ಸಂಖ್ಯೆಯಾಗಿ ಬರೆದು ತೋರಿಸುವುದಿಲ್ಲ. ಡೊಮೇನಿನ ಮೂಲೆಯಲ್ಲಿ ಒಂದು ಪುಟ್ಟ ಘನವನ್ನು ಮಾತ್ರ ಬಿಡಿಸುತ್ತದೆ. ಅದೇ ಒಂದು ಸೆಲ್. ವ್ಯೂಪೋರ್ಟಿನಲ್ಲಿ ಆ ಪುಟ್ಟ ಘನವನ್ನು ಲೋಟದ ಅಂಚಿನ ಪಕ್ಕಕ್ಕೆ ಹೋಲಿಸಿ ನೋಡುವ ಅಭ್ಯಾಸ ಒಳ್ಳೆಯದು. ಲೆಕ್ಕವೇ ಬೇಕೆಂದರೆ ಡೊಮೇನನ್ನು ಆರಿಸಿ ಈ ನಾಲ್ಕು ಸಾಲು ಓಡಿಸಿ:

```python
import bpy
d = bpy.context.object
s = d.modifiers["Fluid"].domain_settings
print(1000 * max(d.dimensions) / s.resolution_max, "mm")
```

ಮಾಡಿಫೈಯರಿನ ಹೆಸರು ಬದಲಿಸಿದ್ದರೆ `"Fluid"` ಇರುವಲ್ಲಿ ಅದೇ ಹೆಸರು ಹಾಕಿ.

ಗೋಡೆಗೆ ನಾಲ್ಕು ಸೆಲ್ ದಪ್ಪ ಕೊಡುವುದು

1.56 ಮಿ.ಮೀ. ಸೆಲ್‌ಗೂ 2.5 ಮಿ.ಮೀ. ಗೋಡೆ ತೆಳುವೇ. ಒಂದೂವರೆ ಸೆಲ್ ಆಯಿತು, ಅಷ್ಟೇ. ಗೋಡೆಗೆ ನಾಲ್ಕು ಸೆಲ್ ಸಿಗುವಂತೆ ರೆಸಲ್ಯೂಷನ್ ಏರಿಸುತ್ತಾ ಹೋದರೆ 320ರ ಆಸುಪಾಸಿಗೆ ಹೋಗಬೇಕು. ಪ್ರತಿ ಬಾರಿ ಸಂಖ್ಯೆ ಇಮ್ಮಡಿಯಾದಾಗ ಸೆಲ್‌ಗಳು ಎಂಟು ಪಟ್ಟಾಗುತ್ತವೆ ಎಂಬುದನ್ನು ನೆನೆದರೆ ಆ ದಾರಿ ಬೇಡವೆನಿಸುತ್ತದೆ. ನೀರಿನ ಅಂದಕ್ಕೆ 128 ಸಾಕಾಗಿರುವಾಗ ಬರೀ ಗೋಡೆಗಾಗಿ ಅಷ್ಟು ಖರ್ಚು ಮಾಡುವುದು ಸರಿಯಲ್ಲ.

ನಾನು ಯಾವಾಗಲೂ ಎರಡು ಲೋಟ ಇಡುತ್ತೇನೆ. ಒಂದು ತೋರಿಕೆಯ ಲೋಟ, ಕ್ಯಾಮೆರಾಗೆ ಕಾಣುವ ತೆಳು ಗಾಜು. ಅದಕ್ಕೆ ಫ್ಲೂಯಿಡ್ ಸೆಟ್ಟಿಂಗ್ ಏನೂ ಇಲ್ಲ. ಇನ್ನೊಂದು ತಡೆ ಲೋಟ. ಅದೇ ಲೋಟದ ನಕಲು, ಒಳಮೈ ಇದ್ದಲ್ಲೇ ಇದೆ, ಹೊರಮೈಯನ್ನು ಮಾತ್ರ ಹೊರಗೆ ಎಳೆದು ಗೋಡೆಯನ್ನು 6.25 ಮಿ.ಮೀ. ದಪ್ಪ ಮಾಡಿದೆವು. ನಿಖರವಾಗಿ ನಾಲ್ಕು ಸೆಲ್. ಇದಕ್ಕೆ `Effector`, `Collision` ಕೊಟ್ಟು, ರೆಂಡರಿನಲ್ಲಿ ಮರೆಮಾಡಿದರೆ ಆಯಿತು. ದಪ್ಪ ಹೊರಮುಖವಾಗಿರುವುದರಿಂದ ನೀರಿಗೆ ಸಿಗುವ ಜಾಗ ಬದಲಾಗುವುದಿಲ್ಲ. ಹೊರಗಿನ ಅಗಲ ಸುಮಾರು 7.75 ಸೆಂ.ಮೀ. ಆಗುತ್ತದೆ, 10 ಸೆಂ.ಮೀ. ಡೊಮೇನಿನಲ್ಲಿ ಆರಾಮವಾಗಿ ಕೂರುತ್ತದೆ. ಲೋಟದ ತಳ ಮೊದಲೇ 1 ಸೆಂ.ಮೀ. ದಪ್ಪವಿತ್ತು, ಆರು ಸೆಲ್‌ಗಿಂತ ಹೆಚ್ಚು. ಅದನ್ನು ಮುಟ್ಟಲಿಲ್ಲ.

ಇಷ್ಟಾದರೂ ಜಿನುಗಿದರೆ ತಡೆ ಲೋಟದ ಮೆಶ್ಶಿನಲ್ಲೇ ದೋಷವಿದೆ. ನಾನು ಕಂಡಂತೆ ಹೆಚ್ಚಿನವರು ಎಡವುವುದು ಮಾಡಿಫೈಯರುಗಳ ಕ್ರಮದಲ್ಲಿ. ಲೋಟವನ್ನು ಒಂದೇ ಪದರದಲ್ಲಿ ಮಾಡಿ `Solidify`ಯಿಂದ ದಪ್ಪ ಕೊಟ್ಟಿರುತ್ತಾರೆ, ಆದರೆ ಪಟ್ಟಿಯಲ್ಲಿ `Fluid` ಅದಕ್ಕಿಂತ ಮೇಲಿರುತ್ತದೆ. ಆಗ ಫ್ಲೂಯಿಡ್‌ಗೆ ಕಾಣುವುದು ದಪ್ಪವಿಲ್ಲದ ಹಾಳೆ. `Solidify` ಮೇಲೆ, `Fluid` ಕೆಳಗೆ ಇರಬೇಕು. ಆಮೇಲೆ ಎಡಿಟ್ ಮೋಡಿನಲ್ಲಿ `Select > All by Trait > Non Manifold` ಮಾಡಿ. ಯಾವುದಾದರೂ ಅಂಚು ಹೊಳೆದರೆ ಅಲ್ಲಿ ಮೆಶ್ ಮುಚ್ಚಿಲ್ಲ ಎಂದರ್ಥ. `Shift+N` ಒತ್ತಿ ನಾರ್ಮಲ್‌ಗಳನ್ನು ಹೊರಮುಖ ಮಾಡಿಕೊಳ್ಳಿ. `Is Planar` ಎಂಬ ಗುರುತು ಹಾಳೆಯಂಥ ವಸ್ತುಗಳಿಗೆ ಇರುವುದು. ಮುಚ್ಚಿದ, ದಪ್ಪವಿರುವ ಲೋಟಕ್ಕೆ ಅದು ಬೇಡ.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ನೀರು ಒಳಗೆ ಇಳಿಯದೆ ಬಾಯಿಯ ಮೇಲೇ ಹರಡಿದರೆ, ಲೋಟದ ಬಾಯಿಗೆ ಎಲ್ಲೋ ಒಂದು ಮುಚ್ಚಳದಂಥ ಮುಖ ಉಳಿದಿದೆ. ಒಳಗಿನ ಜಾಗವೆಲ್ಲ ಘನವೆಂದು ದಾಖಲಾಗಿರುತ್ತದೆ.

ತಳದಿಂದ ತೂರುವ ಕಣಗಳು

ಗೋಡೆ ದಪ್ಪವಾದ ಮೇಲೆ ಪಕ್ಕದ ಜಿನುಗು ನಿಂತಿತು. ಆದರೆ ಮೊದಲ ಧಾರೆ ತಳಕ್ಕೆ ಬಡಿದಾಗ ಕೆಲವು ಕಣಗಳು ಇನ್ನೂ ಕೆಳಗೆ ಹೋಗುತ್ತಿದ್ದವು. ತಳಕ್ಕೆ ಆರು ಸೆಲ್ ದಪ್ಪವಿದ್ದರೂ ಹೀಗೇಕೆ? ಇಲ್ಲಿ ದೋಷ ದಪ್ಪದ್ದಲ್ಲ, ವೇಗದ್ದು.

ಧಾರೆಯ ಮೂಲ ಡೊಮೇನಿನ ತಳದಿಂದ 17.5 ಸೆಂ.ಮೀ. ಎತ್ತರದಲ್ಲಿತ್ತು, ಲೋಟದ ಒಳತಳ 1.5 ಸೆಂ.ಮೀ. ಎತ್ತರದಲ್ಲಿ. ನೀರು ಬೀಳುವ ದೂರ 16 ಸೆಂ.ಮೀ. ಸೆಕೆಂಡಿಗೆ 0.6 ಮೀಟರ್ ವೇಗದಲ್ಲಿ ಹೊರಟ ನೀರು ಅಷ್ಟು ಬಿದ್ದ ಮೇಲೆ ಸುಮಾರು 1.87 ಮೀಟರ್ ವೇಗಕ್ಕೆ ಬಂದಿರುತ್ತದೆ. ಸೆಕೆಂಡಿಗೆ 24 ಫ್ರೇಮ್ ಎಂದರೆ ಒಂದು ಫ್ರೇಮಿನಲ್ಲಿ 7.8 ಸೆಂ.ಮೀ. ಅದು 50 ಸೆಲ್.

ಮಾಂಟಾಫ್ಲೋ ಒಂದು ಫ್ರೇಮನ್ನು ಹಲವು ಚಿಕ್ಕ ಹೆಜ್ಜೆಗಳಾಗಿ ಒಡೆದು ಲೆಕ್ಕ ಹಾಕುತ್ತದೆ. `Use Adaptive Time Steps` ಇದ್ದರೆ ಎಷ್ಟು ಹೆಜ್ಜೆ ಬೇಕೆಂದು ತಾನೇ ತೀರ್ಮಾನಿಸುತ್ತದೆ. `CFL Number` 2 ಇದ್ದರೆ ಒಂದು ಹೆಜ್ಜೆಯಲ್ಲಿ ನೀರು ಎರಡು ಸೆಲ್‌ಗಿಂತ ಹೆಚ್ಚು ಸರಿಯಬಾರದು ಎಂಬುದು ಅದರ ಗುರಿ. ಆ ಪ್ರಕಾರ 50 ಸೆಲ್‌ಗೆ 25 ಹೆಜ್ಜೆ ಬೇಕು. ಆದರೆ `Timesteps Maximum` ಮೊದಲಿನಿಂದ ಇರುವುದು 4. ಅದನ್ನು ಮೀರಲು ಅದಕ್ಕೆ ಅನುಮತಿಯಿಲ್ಲ. ಹೀಗಾಗಿ ಒಂದೊಂದು ಹೆಜ್ಜೆಗೆ 12 ಸೆಲ್‌ಗೂ ಮೀರಿ ಹಾರುತ್ತದೆ. ಆರು ಸೆಲ್ ದಪ್ಪದ ತಳ ಅದಕ್ಕೆ ಅಡ್ಡಿಯಾಗದೇ ಹೋಗಬಹುದು, ಹೆಜ್ಜೆ ಮುಗಿಯುವಷ್ಟರಲ್ಲಿ ಕಣ ಆಚೆ ಇರುತ್ತದೆ.

ಇದನ್ನು ಗುರುತಿಸುವುದು ಸುಲಭ. ದಪ್ಪದ ದೋಷವಾದರೆ ನೀರು ನಿಂತ ಮೇಲೂ ಸೋರುತ್ತಲೇ ಇರುತ್ತದೆ. ವೇಗದ ದೋಷವಾದರೆ ಧಾರೆ ಮೊದಲು ಬಡಿಯುವ ಹೊತ್ತಿನಲ್ಲಿ ಮಾತ್ರ ತೂರುತ್ತದೆ. ಲೋಟದಲ್ಲಿ ಒಂದೆರಡು ಸೆಂ.ಮೀ. ನೀರು ನಿಂತು ಧಾರೆಗೆ ಮೆತ್ತೆಯಾದ ಮೇಲೆ ತೂರುವುದು ನಿಲ್ಲುತ್ತದೆ.

`Timesteps Maximum` ಏರಿಸುವುದು ನೇರ ಪರಿಹಾರ. ನಮ್ಮ ದೃಶ್ಯಕ್ಕೆ ಇನ್ನೊಂದು ಅನುಕೂಲವಿತ್ತು. ನೀರು ಸುರಿಯುವ ದೃಶ್ಯ ನಿಜವಾದ ವೇಗದಲ್ಲಿ ಕಣ್ಣಿಗೆ ನಿಲ್ಲುವುದೇ ಇಲ್ಲ, ಮೂರು ನಾಲ್ಕು ಫ್ರೇಮಿನಲ್ಲಿ ಧಾರೆ ತಳ ಮುಟ್ಟಿರುತ್ತದೆ. ಜಾಹೀರಾತಿನಲ್ಲಿ ಇಂಥದ್ದನ್ನು ನಿಧಾನಗತಿಯಲ್ಲೇ ತೋರಿಸುವುದು. ಆದ್ದರಿಂದ `Time Scale` 0.5 ಮಾಡಿದೆವು. ಈಗ ಫ್ರೇಮಿಗೆ 25 ಸೆಲ್, ಬೇಕಾದ ಹೆಜ್ಜೆ 12.5. ಗರಿಷ್ಠವನ್ನು 16ಕ್ಕೆ ಇಟ್ಟೆವು. ಹೆಜ್ಜೆ ಹೆಚ್ಚಿದಷ್ಟೂ ಬೇಕ್ ನಿಧಾನ, ನಿಜ. ಆದರೆ ಹೊಂದಿಕೊಳ್ಳುವ ಹೆಜ್ಜೆಗಳಿರುವುದರಿಂದ ನೀರು ತಣ್ಣಗೆ ನಿಂತ ಫ್ರೇಮುಗಳಲ್ಲಿ ಅಷ್ಟು ಹೆಜ್ಜೆ ಖರ್ಚಾಗುವುದಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ರೆಸಲ್ಯೂಷನ್ ಏರಿಸಿದರೆ ಸೋರಿಕೆ ಕೆಲವೊಮ್ಮೆ ಹೆಚ್ಚುವುದು ಈ ಕಾರಣಕ್ಕೇ. ಸೆಲ್ ಅರ್ಧವಾದರೆ ಅದೇ ವೇಗಕ್ಕೆ ಇಮ್ಮಡಿ ಹೆಜ್ಜೆ ಬೇಕು. ಗರಿಷ್ಠ 4ರಲ್ಲೇ ಉಳಿದರೆ ಪರಿಸ್ಥಿತಿ ಹದಗೆಡುತ್ತದೆ. ಗೆಳೆಯನು 64ರಿಂದ 128, 256 ಎಂದು ಏರಿಸುತ್ತಾ ಹೋದಂತೆ ತಳದ ಸೋರಿಕೆ ಬಗೆಹರಿಯದಿದ್ದದ್ದು ಅವನ ಅಲಕ್ಷ್ಯದಿಂದಲ್ಲ. ಒಂದನ್ನು ಏರಿಸಿ ಇನ್ನೊಂದನ್ನು ಬಿಟ್ಟಿದ್ದರಿಂದ.

ಎಷ್ಟು ಸುರಿಯಬೇಕು, ಯಾವಾಗ ನಿಲ್ಲಿಸಬೇಕು

ಲೋಟದ ಒಳಗಿನ ಅಗಲ 6.5 ಸೆಂ.ಮೀ. ಹಾಗಾಗಿ 7.5 ಸೆಂ.ಮೀ. ಎತ್ತರಕ್ಕೆ ನೀರು ನಿಂತರೆ ಸುಮಾರು 250 ಮಿ.ಲೀ. ಧಾರೆಗೆ 12 ಮಿ.ಮೀ. ಅಗಲದ ಗೋಳ ಇಟ್ಟೆವು, ಅಂದರೆ ಏಳೂವರೆ ಸೆಲ್. ಧಾರೆಯ ಮೂಲಕ್ಕೂ ಸೆಲ್ ಲೆಕ್ಕ ಅನ್ವಯಿಸುತ್ತದೆ. ಎರಡು ಮೂರು ಸೆಲ್ ಅಗಲದ ಮೂಲ ಇಟ್ಟರೆ ಧಾರೆ ಕಡಿದು ಕಡಿದು ಉದುರುತ್ತದೆ. ಅದರ ಬಗೆ `Liquid`, ನಡವಳಿಕೆ `Inflow`. `Initial Velocity` ಗುರುತು ಹಾಕಿ `Initial Z`ಗೆ −0.6.

12 ಮಿ.ಮೀ. ಧಾರೆ ಆ ವೇಗದಲ್ಲಿ ಸೆಕೆಂಡಿಗೆ ಸುಮಾರು 68 ಮಿ.ಲೀ. ಸುರಿಸುತ್ತದೆ. 250 ಮಿ.ಲೀ.ಗೆ 3.7 ಸೆಕೆಂಡ್, ಅರ್ಧ ವೇಗದಲ್ಲಿ 177 ಫ್ರೇಮ್ ಆಸುಪಾಸು. ಇದು ಕಾಗದದ ಲೆಕ್ಕ. ಮೂಲದಿಂದ ಹೊರಡುವ ಧಾರೆ ಗೋಳಕ್ಕಿಂತ ಸ್ವಲ್ಪ ದಪ್ಪ ಇರುವುದುಂಟು. ಹಾಗಾಗಿ 64ರಲ್ಲಿ ಒಮ್ಮೆ ಓಡಿಸಿ, ಎಷ್ಟನೇ ಫ್ರೇಮಿಗೆ ನೀರು ಎಷ್ಟು ಏರಿತು ಎಂದು ನೋಡಿ `Use Flow`ಗೆ ಕೀಫ್ರೇಮ್ ಹಾಕಿ: ಮೊದಲು ಗುರುತು ಇದೆ, ನಿಲ್ಲಬೇಕಾದ ಫ್ರೇಮಿನಲ್ಲಿ ಇಲ್ಲ. 64ರಲ್ಲಿ ಸೆಲ್ 3.1 ಮಿ.ಮೀ., ತಡೆ ಲೋಟದ ಗೋಡೆಗೆ ಎರಡು ಸೆಲ್ ಸಿಗುತ್ತದೆ, ಧಾರೆಗೆ ನಾಲ್ಕು. ಪರೀಕ್ಷೆಗೆ ಅಷ್ಟು ಸಾಕು. ಚಿಮ್ಮುವಿಕೆಯ ಆಕಾರವನ್ನು ಮಾತ್ರ ಈ ಪರೀಕ್ಷೆಯಿಂದ ತೀರ್ಮಾನಿಸಬೇಡಿ, 128ರಲ್ಲಿ ಅದು ಬೇರೆಯೇ ಆಗಿ ಬರುತ್ತದೆ.

ನೀರಿಗೂ ಗಾಜಿಗೂ ನಡುವೆ ಬೆಳ್ಳಿಗೆರೆ

ಸೋರಿಕೆ ನಿಂತ ಮೇಲೆ ರೆಂಡರಿನಲ್ಲಿ ಕಾಣುವ ಮುಂದಿನ ದೋಷ ಇದು. ನೀರಿನ ಅಂಚು ಗಾಜಿಗೆ ತಾಗದೆ ನಡುವೆ ತೆಳು ಗಾಳಿಯ ಪದರ ಉಳಿದು, ಬೆಳಕು ಅಲ್ಲಿ ತಿರುಗಿ ಬೆಳ್ಳಿಯ ಗೆರೆಯಂತೆ ಹೊಳೆಯುತ್ತದೆ. ನೀರು ಲೋಟದೊಳಗೆ ತೇಲುವ ಮೇಣದ ತುಂಡಿನಂತೆ ಕಾಣುತ್ತದೆ.

ಲೋಟ ದುಂಡಗಿದೆ, ಸೆಲ್ ಚೌಕವಾಗಿದೆ. ಆದ್ದರಿಂದ ಮೊದಲು `Fractional Obstacles` ಗುರುತು ಹಾಕಿ. ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಅಂಚು ಅದರಿಂದ ಸಪಾಟಾಗುತ್ತದೆ. ಅದರಡಿಯ `Obstacle Distance` ಕಡಿಮೆ ಮಾಡಿದರೆ ನೀರು ಗೋಡೆಗೆ ಹತ್ತಿರ ಸರಿಯುತ್ತದೆ. ಉಳಿದ ಅಂತರಕ್ಕೆ ಮತ್ತೆ ತಡೆ ಲೋಟವೇ ನೆರವಾಗುತ್ತದೆ. ಅದರ ಒಳಮೈಯನ್ನು ಸುಮಾರು ಒಂದು ಮಿ.ಮೀ. ಹೊರಕ್ಕೆ ಸರಿಸಿದೆವು. ದಪ್ಪ ಉಳಿಯಲೆಂದು ಹೊರಮೈಯನ್ನೂ ಅಷ್ಟೇ ಸರಿಸಿದೆವು. ಆಗ ನೀರಿನ ಮೆಶ್ ತೋರಿಕೆಯ ಗಾಜಿನೊಳಕ್ಕೆ ಕೂದಲೆಳೆಯಷ್ಟು ಹೊಕ್ಕಿರುತ್ತದೆ. ಸೈಕಲ್ಸ್‌ನಲ್ಲಿ ಗಾಜು ಮತ್ತು ನೀರು ಸರಿಯಾಗಿ ಕಾಣಬೇಕಾದರೆ ಹೀಗೇ ಇರಬೇಕು, ನಡುವೆ ಗಾಳಿ ಇರಬಾರದು. ಗಾಜು 2.5 ಮಿ.ಮೀ. ದಪ್ಪವಿರುವುದರಿಂದ ನೀರು ಆಚೆ ಬದಿಗೆ ಬರುವುದಿಲ್ಲ. ಈ ಒಂದು ಮಿ.ಮೀ. 128ಕ್ಕೆ ಹೊಂದಿದ ಅಳತೆ. ರೆಸಲ್ಯೂಷನ್ ಬದಲಿಸಿದರೆ ಇದನ್ನೂ ಮತ್ತೆ ನೋಡಿಕೊಳ್ಳಬೇಕು.

“ಸರಿಮಾಡಿದೆ, ಆದರೂ ಅದೇ ಸೋರಿಕೆ”

ತಡೆ ಲೋಟ ಮಾಡಿ ಪ್ಲೇ ಒತ್ತಿದಾಗ ಗೆಳೆಯನಿಗೆ ಹಳೆಯ ಕೊಚ್ಚೆಯೇ ಕಂಡಿತು. ಅವನು ಇನ್ನಷ್ಟು ದಪ್ಪ ಮಾಡಲು ಹೊರಟಿದ್ದ. ಕಂಡದ್ದು ಹಳೆಯ ಕ್ಯಾಶ್. ಬೇಕ್ ಆದ ದತ್ತಾಂಶಕ್ಕೆ ಆಮೇಲೆ ಲೋಟ ಬದಲಾಗಿದ್ದು ಗೊತ್ತಾಗುವುದಿಲ್ಲ. ಯಾವ ತಿದ್ದುಪಡಿಯನ್ನು ಪರೀಕ್ಷಿಸುವ ಮೊದಲೂ `Free Data` ಒತ್ತಬೇಕು. ಸೆಟ್ಟಿಂಗುಗಳು ಮಸುಕಾಗಿ, ಬದಲಿಸಲು ಬಾರದಂತೆ ಕಂಡರೂ ಕಾರಣ ಅದೇ.

ಕ್ಯಾಶ್ ಬಗೆ ಮೊದಲಿಗೆ `Replay`. ಟೈಮ್‌ಲೈನ್ ಓಡಿದಂತೆ ಲೆಕ್ಕ ಹಾಕುತ್ತದೆ, ಬೇಕ್ ಗುಂಡಿ ಕಾಣುವುದೇ ಇಲ್ಲ. ಮೊದಲ ಫ್ರೇಮಿನಿಂದ ಕ್ರಮವಾಗಿ ಓಡಿಸದೆ ನಡುವೆ ಹಾರಿದರೆ ಫಲಿತಾಂಶ ಕೆಡುತ್ತದೆ. ಪರೀಕ್ಷೆಗೆ ಸರಿ, ಕೊನೆಯ ಬೇಕ್‌ಗೆ ಬೇಡ. ನಾನು `Modular` ಬಳಸುತ್ತೇನೆ. ಅದರಲ್ಲಿ `Bake Data` ಬೇರೆ, `Bake Mesh` ಬೇರೆ. ಮೊದಲು ಕಣಗಳನ್ನು ಮಾತ್ರ ಬೇಕ್ ಮಾಡಿ, ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆ ಮೆಶ್. `Upres Factor` 2 ಇದ್ದರೆ ಮೆಶ್ 0.78 ಮಿ.ಮೀ. ಸೂಕ್ಷ್ಮಕ್ಕೆ ಬರುತ್ತದೆ. ಮೇಲ್ಮೈ ಗಂಟುಗಂಟಾಗಿದ್ದರೆ `Free Mesh` ಒತ್ತಿ, `Particle Radius` ಅಥವಾ `Smoothing` ತಿದ್ದಿ, ಮೆಶ್ ಒಂದನ್ನೇ ಮತ್ತೆ ಬೇಕ್ ಮಾಡಬಹುದು. `All` ಆರಿಸಿದ್ದರೆ ಇಷ್ಟು ಸಣ್ಣ ತಿದ್ದುಪಡಿಗೂ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ.

ನಮ್ಮ ಕಡೆ ಕರೆಂಟು ಹೋಗುವುದನ್ನು ಲೆಕ್ಕಕ್ಕೆ ಹಿಡಿದೇ ಕೆಲಸ ಮಾಡಬೇಕು. ಬೇಕ್ ಶುರುಮಾಡುವ ಮೊದಲೇ `Is Resumable` ಗುರುತು ಹಾಕಿರಬೇಕು. ನಡುವೆ ನಿಂತ ಮೇಲೆ ಹಾಕಿದರೆ ಪ್ರಯೋಜನವಿಲ್ಲ. ಕ್ಯಾಶ್ ಫೋಲ್ಡರ್ ದೊಡ್ಡದಾಗುತ್ತದೆ, ಆದರೆ ನಿಂತಲ್ಲಿಂದ ಮುಂದುವರಿಸಬಹುದು. ಫೈಲನ್ನು ಮೊದಲು ಸೇವ್ ಮಾಡಿ, ಕ್ಯಾಶ್ ಫೋಲ್ಡರನ್ನು ಫೈಲಿನ ಪಕ್ಕದಲ್ಲೇ ಇಡಿ:

```
//cache_lota_128
```

ಆರಂಭದಲ್ಲಿರುವ ಎರಡು ಓರೆಗೆರೆಗಳು ಫೈಲ್ ಇರುವ ಫೋಲ್ಡರನ್ನು ಸೂಚಿಸುತ್ತವೆ. ಸೇವ್ ಮಾಡದ ಫೈಲಿನಲ್ಲಿ ಬೇಕ್ ಮಾಡಿದರೆ ಅದು ತಾತ್ಕಾಲಿಕ ಫೋಲ್ಡರಿಗೆ ಹೋಗಿ ಆಮೇಲೆ ಕಳೆದುಹೋಗಬಹುದು. ಹೆಸರಿನಲ್ಲಿ ರೆಸಲ್ಯೂಷನ್ ಬರೆದಿಡುವುದರಿಂದ 64ರ ಪರೀಕ್ಷೆಯೂ 128ರ ಬೇಕೂ ಒಂದರ ಮೇಲೊಂದು ಬರೆದುಕೊಳ್ಳುವುದಿಲ್ಲ. ಬೇರೆ ಕಂಪ್ಯೂಟರಿನಲ್ಲಿ ರೆಂಡರ್ ಮಾಡುವುದಾದರೆ `.blend` ಜೊತೆ ಆ ಫೋಲ್ಡರನ್ನೂ ಒಯ್ಯಬೇಕು. ಗೆಳೆಯ ಮೊದಲ ಸಲ ಫೈಲ್ ಒಂದನ್ನೇ ಕಳಿಸಿದ್ದರಿಂದ ನನ್ನ ಪರದೆಯಲ್ಲಿ ಖಾಲಿ ಲೋಟ ಮಾತ್ರ ಇತ್ತು, ಸೋರಲು ನೀರೇ ಇರಲಿಲ್ಲ.